ತೆಗೆದಿಟ್ಟ ಗದ್ದಲ

ಕಾಲುಚೀಲ ಮಾರುವ ಹೆಂಗಸಿನ ಸಂದರ್ಶನವನ್ನು ವರದಿಗಾರ ಪೇಟೆಯ ನಡುವೆಯೇ ಮಾಡಿಕೊಂಡು ಬಂದಿದ್ದ. ಅಂಗಡಿ ಬಿಟ್ಟು ಏಳಲು ಆಕೆ ಒಪ್ಪಲಿಲ್ಲವಂತೆ. ರೇಡಿಯೋ ಕಚೇರಿಯ ಸಂಕಲನ ಕೋಣೆಯ ಬಾಗಿಲಿಗೆ ಒರಗಿ ನಿಂತು, ಗದ್ದಲ ಜೋರಿದೆ, ಆದರೆ ಮಾತು ಬಂಗಾರದಂಥದ್ದು, ಹೇಗಾದರೂ ಮಾಡಿ ಉಳಿಸಿಕೊಡಬೇಕು ಎಂದು ಸಂಕಲನಕಾರ್ತಿಯನ್ನು ಕೇಳಿಕೊಂಡ. ಕಚೇರಿಯಲ್ಲಿ ಆಕೆಗೆ ಕಿವಿಯಮ್ಮ ಎಂದೇ ಹೆಸರು. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದರೆ ಈಕೆ ಕಿವಿಗೆ ಬಿಟ್ಟುಕೊಳ್ಳುತ್ತಾಳೆ ಎಂದು ನಗುತ್ತಿದ್ದರು. ಮುಗಿಸಿದ ಕೆಲಸವನ್ನೂ ಮತ್ತೆ ತೆರೆದು ಕೇಳದೆ ಆಕೆ ಮನೆಗೆ ಹೋದವಳಲ್ಲ.

ಹೆಡ್‌ಫೋನ್ ಹಾಕಿಕೊಂಡು ಮೊದಲು ಸುಮ್ಮನೆ ಕೇಳಿದಳು. ಆ ಹೆಂಗಸಿನ ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಇಬ್ಬರೂ ಒಂದೇ ಹಲಗೆಯ ಹಿಂದೆ ಕೂತು ವ್ಯಾಪಾರ ಮಾಡಿದವರು. ಕೂಗುವುದು ಅವನ ಕೆಲಸ, ಜೋಡಿ ಹುಡುಕಿ ಕೊಡುವುದು ಇವಳದು. ಈಗ ಕೂಗುವವರಿಲ್ಲ. ಏನೆಂದು ಕೂಗುತ್ತಿದ್ದರು ಎಂದು ವರದಿಗಾರ ಕೇಳಿದಾಗ ಆಕೆ ಹೇಳಲಿಲ್ಲ. ತನ್ನ ಬಾಯಲ್ಲಿ ಅದು ಚೆನ್ನಾಗಿರುವುದಿಲ್ಲ ಎಂದಳು. ಆಮೇಲೆ ತಾನಾಗಿಯೇ ಮಾತಾಡಿದಳು.

"ಮುಖ ಮರೆತಿಲ್ಲ, ಫೋಟೋ ಇದೆ. ಧ್ವನಿನೇ ಹೋಗ್ತಾ ಇದೆ ಸ್ವಾಮಿ. ಬೆಳಗ್ಗೆ ಎದ್ದು ಜ್ಞಾಪಿಸ್ಕೋತೀನಿ, ಬರಲ್ಲ. ಇಷ್ಟು ಜನ ಕಿರುಚ್ತಾರೆ ಇಲ್ಲಿ, ಅವರ ದನಿ ಮಾತ್ರ ಇಲ್ಲ."

ಇದೇ ಮಾತಿನ ಹಿಂದೆ ಗದ್ದಲ ಎಲ್ಲಕ್ಕಿಂತ ದಟ್ಟವಾಗಿತ್ತು. ಕಿವಿಯಮ್ಮ ಧ್ವನಿಯನ್ನು ಚಿತ್ರವಾಗಿ ತೋರಿಸುವ ತೆರೆಯನ್ನು ತೆರೆದಳು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ದಪ್ಪ ದನಿಯಿಂದ ಕೀರಲು ದನಿ. ಎಲ್ಲಿ ಸದ್ದು ಹೆಚ್ಚೋ ಅಲ್ಲಿ ಬೆಳಕು ಹೆಚ್ಚು. ಎಲ್ಲೋ ಓಡುತ್ತಿದ್ದ ಜನರೇಟರಿನ ಸದ್ದು ತೆರೆಯ ತಳದಲ್ಲಿ ಗೀಟು ಎಳೆದಂತೆ ನೇರವಾಗಿ ಕಾಣುತ್ತಿತ್ತು. ಅದನ್ನು ತೆಗೆಯುವುದು ಕಷ್ಟವಲ್ಲ. ಹೆಂಗಸಿನ ಮಾತು ಒಂದರ ಮೇಲೊಂದು ಜೋಡಿಸಿದ ಬಾಗುಗೀಟುಗಳ ಹಾಗೆ, ಏಣಿಯ ಮೆಟ್ಟಿಲುಗಳ ಹಾಗೆ ನಿಂತಿತ್ತು. ಕಷ್ಟವಿದ್ದದ್ದು ಅದರ ಸುತ್ತಲಿನ ಮಬ್ಬು. ಜನರ ಗುಜುಗುಜು ಕೂಡ ಮಾತೇ ಅಲ್ಲವೇ, ಅದು ಬಂದು ಕೂರುವುದು ಅದೇ ಮೆಟ್ಟಿಲುಗಳ ಮೇಲೆ. ಒಂದೇಟಿಗೆ ಒರೆಸಿದರೆ ಮಾತೂ ಜೊತೆಗೆ ಹೋಗುತ್ತದೆ, ಉಳಿದದ್ದು ನೀರಿನೊಳಗಿಂದ ಬಂದಂತೆ ಕೇಳುತ್ತದೆ.

ಆದ್ದರಿಂದ ಆಕೆ ಒರೆಸಲಿಲ್ಲ, ತಗ್ಗಿಸಿದಳು. ಕುಂಚದಂಥ ಗುರುತಿನಿಂದ ಮೆಟ್ಟಿಲುಗಳ ನಡುವಿನ ಸಂದುಗಳನ್ನು, ಪದಗಳ ನಡುವಿನ ಬಿಡುವುಗಳನ್ನು ಆರಿಸಿ, ಒಂದೊಂದನ್ನೂ ತುಸುತುಸುವೇ ಮಂದ ಮಾಡಿದಳು. ಮಧ್ಯೆ ಯಾರೋ ಚೀರಿದ್ದು ಬಿಳಿ ಕಲೆಯಾಗಿ ಬಿದ್ದಲ್ಲಿ ಅದಷ್ಟನ್ನೇ ಸುತ್ತುವರಿದು ಅದುಮಿದಳು. ಪ್ರತಿಸಲವೂ, ತೆಗೆದದ್ದನ್ನು ಮಾತ್ರ ಕೇಳಿಸುವ ಗುಂಡಿ ಒತ್ತಿ, ಆ ಕಸದೊಳಗೆ ಹೆಂಗಸಿನ ಮಾತಿನ ಚೂರೇನಾದರೂ ಹೋಗಿದೆಯೇ ಎಂದು ಪರೀಕ್ಷಿಸಿದಳು. ಅಕ್ಕಿ ಆರಿಸಿದವರು ಕಲ್ಲಿನ ಗುಡ್ಡೆಯನ್ನೂ ಒಮ್ಮೆ ಕೆದಕಿ ನೋಡುವ ಹಾಗೆ.

ಮಾತು ಸ್ಪಷ್ಟವಾಯಿತು. ಆದರೆ ಇನ್ನೊಂದು ತೊಂದರೆ ಹುಟ್ಟಿತು. ಹೆಂಗಸು ಮಾತಾಡುವಾಗ ಪೇಟೆ ಜೊತೆಗೆ ಬರುತ್ತಿತ್ತು, ನಿಲ್ಲಿಸಿದ ಕೂಡಲೇ ಬಾವಿಗೆ ಬಿದ್ದಂತೆ ಮಾಯವಾಗುತ್ತಿತ್ತು. ಇಂಥ ಏರುಪೇರು ಮುಚ್ಚಲು ಅಡಿಯಲ್ಲಿ ಅದೇ ಜಾಗದ ಸದ್ದನ್ನು ಒಂದೇ ಸಮನೆ, ಮೆಲ್ಲಗೆ ಹಾಸಬೇಕು. ಅದಕ್ಕೆಂದೇ ವರದಿಗಾರ ಪ್ರತಿ ಸಂದರ್ಶನದ ಕೊನೆಗೆ ಯಾರೂ ಮಾತಾಡದಂತೆ ಕೂತು ಬರೀ ಜಾಗದ ಸದ್ದನ್ನು ಹಿಡಿದು ತರುತ್ತಿದ್ದ. ಈ ಸಲ ತಂದಿರಲಿಲ್ಲ. ಕೊನೆಗೆ ಆ ಹೆಂಗಸು ಅತ್ತುಬಿಟ್ಟಳು, ಮೈಕ್ ಹಿಡಿದುಕೊಂಡು ಕೂರಲು ಮನಸ್ಸಾಗಲಿಲ್ಲ ಎಂದ. ಕಿವಿಯಮ್ಮ ಹಳೆಯ ಕಡತಗಳಲ್ಲಿ ಹುಡುಕಿದಾಗ ಬೇರೆ ಕಾರ್ಯಕ್ರಮಕ್ಕೆಂದು ಹಿಂದೆ ಅದೇ ಪೇಟೆಯಲ್ಲಿ ಹಿಡಿದಿದ್ದ ಸದ್ದು ಸಿಕ್ಕಿತು. ಹೊಂದುತ್ತದೆಯೇ, ಎಲ್ಲಾದರೂ ಎದ್ದು ಕೇಳುತ್ತದೆಯೇ ಎಂದು ಹತ್ತಾರು ಸಲ ಕೇಳಿದಳು. ಹೊಂದಿತು. ಅದರೊಳಗೆ ಯಾರಿದ್ದಾರೆ ಎಂದು ಕೇಳಬೇಕೆಂದು ಆಕೆಗೆ ಹೊಳೆಯಲಿಲ್ಲ. ಹಾಸುವ ಸದ್ದಿನಲ್ಲಿ ಯಾರೂ ಇರುವುದಿಲ್ಲ, ಬರೀ ಪೇಟೆ ಇರುತ್ತದೆ.

ಪ್ರಸಾರಕ್ಕೆ ಮುಂಚೆ ಒಮ್ಮೆ ಕೇಳಿಸುತ್ತೇನೆಂದು ವರದಿಗಾರ ಮಾತು ಕೊಟ್ಟಿದ್ದ. ಆ ಹೆಂಗಸು ನಾದಿನಿಯನ್ನು ಜೊತೆ ಮಾಡಿಕೊಂಡು ಮಧ್ಯಾಹ್ನ ಬಂದಳು. ನಾದಿನಿ ಬಾಯಿ ಜೋರಿನವಳು. ಸದ್ದು ತಡೆಯಲು ಗೋಡೆಗೆ ಬಡಿದಿದ್ದ ಮೆತ್ತೆಗಳನ್ನು ಒತ್ತಿ ನೋಡಿ, ಇಷ್ಟು ಹತ್ತಿ ನಮ್ಮ ಹಾಸಿಗೆಯಲ್ಲೂ ಇಲ್ಲ ಎಂದಳು. ವರದಿಗಾರ ನಕ್ಕು ಕುರ್ಚಿ ಎಳೆದುಕೊಟ್ಟ. ಹೆಂಗಸು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ವೈದ್ಯರ ಮುಂದೆ ಕೂತಂತೆ ಕೂತಳು.

ಸ್ಪೀಕರಿನಲ್ಲಿ ತನ್ನ ದನಿ ಬಂದಾಗ ಆಕೆಗೆ ನಾಚಿಕೆಯಾಯಿತು. ಆಮೇಲೆ ಅಭ್ಯಾಸವಾಯಿತು. 'ಅವರ ದನಿ ಮಾತ್ರ ಇಲ್ಲ' ಎಂಬ ಮಾತು ಬಂತು, ಬಿಡುವು ಬಂತು. ಆಕೆ ತಟ್ಟನೆ ಎದ್ದು ನಿಂತಳು. ಚೀಲ ಕೆಳಗೆ ಬಿತ್ತು.

"ಇದ್ದಾರೆ," ಎಂದಳು. "ಹಿಂದೆ ಇದ್ದಾರೆ ನೋಡಿ."

ಮತ್ತೆ ಹಾಕಿಸಿಕೊಂಡು ಕೇಳಿದಳು. ವರದಿಗಾರನಿಗೆ ಏನೂ ಕೇಳಲಿಲ್ಲ. ನಾದಿನಿ ಅತ್ತಿಗೆಯ ಭುಜ ಹಿಡಿದು ಕೂರಿಸಿ, ಕಿವಿಯಮ್ಮನ ಕಡೆ ತಿರುಗಿ ದನಿ ತಗ್ಗಿಸಿದಳು. "ಇವಳಿಗೆ ಕುಕ್ಕರ್ ಕೂಗಿದ್ರೂ ನಮ್ಮಣ್ಣ ಕೂಗ್ದಂಗೆ ಕೇಳ್ಸುತ್ತೆ ಮೇಡಂ. ತಪ್ಪು ತಿಳ್ಕೋಬೇಡಿ."

"ಎಡಗಾಲಿಗೂ ಇದೆ, ಬಲಗಾಲಿಗೂ ಇದೆ," ಎಂದಳು ಹೆಂಗಸು. "ಹಂಗೇ ಕೂಗ್ತಿದ್ದಿದ್ದು ಅವರು. ನಾನು ಅವರಿಲ್ಲ ಅಂತ ಹೇಳ್ತಾ ಇದ್ದೆ. ಅವರು ನನ್ನ ಹಿಂದೇನೇ ಕೂಗ್ತಾ ಇದ್ದಾರೆ."

ಸಂಕೋಚಪಡದೆ, ಮೈಕಿನ ಮುಂದೆ ಹೇಳಲು ಒಪ್ಪದ ಮಾತನ್ನು ಹೇಳಿಬಿಟ್ಟಿದ್ದಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ಯಾರೋ ಬಾಗಿಲು ತಟ್ಟಿದಾಗ ಒಳಗಿನಿಂದ ಓಡಿ ಬಂದವರ ಮುಖದಂತಿತ್ತು ಅದು.

ಕಿವಿಯಮ್ಮ ಕುರ್ಚಿಯನ್ನು ತೆರೆಯ ಹತ್ತಿರ ಎಳೆದುಕೊಂಡಳು. ಅಡಿಯಲ್ಲಿ ಹಾಸಿದ್ದ ಸದ್ದನ್ನು ಬೇರೆ ಮಾಡಿ, ಗಟ್ಟಿ ಮಾಡಿ ಹಾಕಿದಳು. ಗುಜುಗುಜಿನ ನಡುವೆ, ದೂರದಲ್ಲಿ, ಗಂಡಸಿನ ಕೂಗೊಂದು ಎರಡು ತುಂಡಾಗಿ ಬಂತು. ಮೊದಲ ತುಂಡು ಏರಿ, ಎರಡನೆಯದು ಇಳಿಯಿತು. ನಾದಿನಿಯ ಕೈ ಅತ್ತಿಗೆಯ ಭುಜದ ಮೇಲೆಯೇ ನಿಂತುಹೋಯಿತು. ಆಕೆ ಮತ್ತೆ ಕುಕ್ಕರಿನ ಮಾತೆತ್ತಲಿಲ್ಲ.

ಈಗ ಹೇಳದೆ ಇರಬಹುದಿತ್ತು. ವರದಿಗಾರ ಕಣ್ಣಿನಲ್ಲೇ ಬೇಡ ಎಂದ. ಹೇಳದಿದ್ದರೆ ಈ ಹೆಂಗಸು ಗಂಡ ತನ್ನ ಮಾತಿಗೆ ಉತ್ತರ ಕೊಟ್ಟನೆಂದು ನಂಬಿ ಮನೆಗೆ ಹೋಗುತ್ತಾಳೆ, ಪೇಟೆಗೆ ಹೋಗಿ ಎಲ್ಲರಿಗೂ ಹೇಳುತ್ತಾಳೆ, ನಾಳೆಯಿಂದ ದಿನವೂ ಹಿಂದಕ್ಕೆ ತಿರುಗಿ ನೋಡುತ್ತಾಳೆ. ಹೇಳಿದರೆ, ಈಗಷ್ಟೇ ಸಿಕ್ಕಿದವನನ್ನು ತಾನೇ ಇನ್ನೊಮ್ಮೆ ಕಳುಹಿಸಿಕೊಟ್ಟಂತೆ. ಕಿವಿಯಮ್ಮ ಮೇಜಿನ ಅಂಚನ್ನು ಹಿಡಿದುಕೊಂಡಳು.

"ಅಕ್ಕಾ, ಇದು ಆವತ್ತಿನದಲ್ಲ. ಹಿಂದೆ ಯಾವಾಗಲೋ ಹಿಡಿದ ಪೇಟೆಯ ಸದ್ದು. ನಿಮ್ಮ ಮಾತಿನ ಕೆಳಗೆ ನಾನೇ ಹಾಕಿದ್ದು. ಅವರು ಇದ್ದಾರೆ ಇದರಲ್ಲಿ ಅಂತ ನನಗೆ ಗೊತ್ತಿರಲಿಲ್ಲ."

ಹೆಂಗಸು ಸ್ಪೀಕರಿನ ಕಡೆ ನೋಡಿದಳು. ಆಮೇಲೆ ಬಗ್ಗಿ ಚೀಲವನ್ನು ಎತ್ತಿಕೊಂಡಳು, ಅದರ ಧೂಳು ಕೊಡವಿದಳು.

"ನೀವು ಹಾಕಿದ್ದಾ," ಎಂದಳು. ಸಿಟ್ಟಿರಲಿಲ್ಲ. ಹಾಗಾದರೆ ಅದನ್ನು ತನ್ನ ಮಾತಿನ ಕೆಳಗಿಂದ ತೆಗೆದುಬಿಡಿ, ತನಗೆ ಸುಳ್ಳು ಬೇಡ ಎಂದಳು. ಆ ಕೂಗನ್ನು ಮಾತ್ರ ಜನರ ಸದ್ದಿಲ್ಲದೆ ತನಗೆ ಬೇರೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದಳು.

ಆಗುತ್ತದೆ ಎಂದು ಕಿವಿಯಮ್ಮ ಅವಸರದಲ್ಲಿ ಒಪ್ಪಿಕೊಂಡಳು. ಇಷ್ಟಾದರೂ ಮಾಡಬೇಕೆಂಬ ಆಸೆ. ಹೆಂಗಸರಿಬ್ಬರೂ ಹಿಂದಿನ ಬೆಂಚಿನಲ್ಲಿ ಕಾದರು. ಸಂದರ್ಶನದಲ್ಲಿ ಮಾತು ಮೈಕಿನ ಹತ್ತಿರವಿತ್ತು, ಜನ ದೂರವಿದ್ದರು. ಇಲ್ಲಿ ಕೂಗು ದೂರ, ಜನ ಹತ್ತಿರ. ಕೂಗಿನ ಮೆಟ್ಟಿಲುಗಳು ಮಬ್ಬಿನಿಂದ ಆಗೊಮ್ಮೆ ಈಗೊಮ್ಮೆ ತಲೆಯೆತ್ತಿ ಮತ್ತೆ ಮುಳುಗುತ್ತಿದ್ದವು. ಮೆಲ್ಲಗೆ ತಗ್ಗಿಸಿ ನಿಲ್ಲಿಸಬೇಕಿತ್ತು. ಅದು ಆಕೆಗೆ ಗೊತ್ತೇ ಇತ್ತು. ಆದರೂ ಬೆನ್ನ ಹಿಂದೆ ಕೂತವಳ ಉಸಿರು ಕೇಳುತ್ತಿದ್ದ ಕಾರಣಕ್ಕೋ ಏನೋ, ಇನ್ನೊಂದಿಷ್ಟು, ಇನ್ನೊಂದಿಷ್ಟು ಎಂದು ಅದುಮುತ್ತ ಹೋದಳು. ಕೂಗಿನ ಹಿಂದೆಯೇ ಅಂಟಿಕೊಂಡಿದ್ದ ಒಂದು ಸಣ್ಣ ಗೊಂಚಲನ್ನೂ ಜನರ ಸದ್ದೆಂದು ಅದುಮಿದಳು. ತೆಗೆದದ್ದನ್ನು ಪರೀಕ್ಷಿಸಿ ಕೇಳುವುದನ್ನು ಮೊದಲ ಸಲ ಮರೆತಳು.

ಕೇಳಿಸಿದಾಗ ಕೂಗು ಒಂಟಿಯಾಗಿ ಬಂತು. ತೆಳ್ಳಗೆ, ತಗಡಿನ ಡಬ್ಬಿಯೊಳಗಿಂದ ಬಂದಂತೆ. ಪದಗಳು ಇದ್ದವು.

"ಇವರಲ್ಲ," ಎಂದಳು ಹೆಂಗಸು. "ಆಗ ಇವರೇ ಇದ್ರು. ಈಗ ಯಾರೋ ಅವರ ಹಂಗೆ ಕೂಗ್ತಾ ಇದ್ದಾರೆ. ಖಾಲಿ ಬೀದೀಲಿ ಯಾಕೆ ಕೂಗ್ತಾರೆ ಅವರು? ಜನರನ್ನ ಕಂಡ್ರೆ ತಾನೇ ಕೂಗ್ತಿದ್ದಿದ್ದು."

ಕಿವಿಯಮ್ಮನಿಗೆ ಮುಖವೆತ್ತಲಾಗಲಿಲ್ಲ. ಏನು ಹೋಯಿತೆಂದು ನೋಡಲು, ತೆಗೆದದ್ದನ್ನು ಮಾತ್ರ ಕೇಳಿಸುವ ಗುಂಡಿ ಒತ್ತಿದಳು. ಕೋಣೆಯ ತುಂಬ ಪೇಟೆ ಬಂತು. ಕಾಲುಗಳು, ಚೌಕಾಸಿ, ಎಲ್ಲೋ ಮಗುವಿನ ರಗಳೆ, ಅವನ ಗಂಟಲಿನ ದಪ್ಪ ಭಾಗವೂ ಅದರಲ್ಲೇ ಮಸುಕಾಗಿ ಸಿಕ್ಕಿಕೊಂಡಿತ್ತು. ಅದರ ಬೆನ್ನಿಗೇ ಒಬ್ಬ ಹೆಂಗಸಿನ ನಗು, ತಡೆಯಲು ಹೋಗಿ ತಡೆಯಲಾಗದೆ ಮೂಗಿನಿಂದ ಹೊರಟದ್ದು.

"ಅದ್ಯಾರು ನಗೋದು?" ಎಂದು ಕೇಳಿದಳು ಆ ಹೆಂಗಸು.

ನಾದಿನಿ ಅತ್ತಿಗೆಯ ಕಡೆ ತಿರುಗಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀನೇ ಅತ್ತಿಗೆ. ಅಣ್ಣ ಕೂಗಿದಾಗೆಲ್ಲ ನಗ್ತಿದ್ದೆ. ಗಿರಾಕಿ ಮುಂದೆ ನಗಬೇಡ ಅಂತ ಬೈತಿದ್ನಲ್ಲ."

ಹೆಂಗಸು ಇನ್ನೊಮ್ಮೆ ಹಾಕಿಸಿಕೊಂಡಳು. ಗಂಡನ ಕೂಗನ್ನು ಪೇಟೆಯ ತಳದಿಂದ ಹೆಕ್ಕಿ ತೆಗೆದವಳು, ಆ ನಗುವಿಗೆ ತಲೆ ಓರೆ ಮಾಡಿ, ಪರಿಚಯವಿಲ್ಲದವರ ಮಾತು ಕೇಳುವಂತೆ ಕೇಳಿದಳು.

"ನಾನು ಹಿಂಗೆ ನಗ್ತಿದ್ನಾ?"

ಕಿವಿಯಮ್ಮ ತಾನು ಮಾಡಿದ್ದನ್ನೆಲ್ಲ ರದ್ದು ಮಾಡಿದಳು. ತೆರೆಯ ಮೇಲೆ ಮಬ್ಬು ಮರಳಿ ಬಂದು ಕೂಗನ್ನೂ ನಗುವನ್ನೂ ಒಟ್ಟಿಗೆ ಮುಚ್ಚಿತು. ಏನನ್ನೂ ಮುಟ್ಟದೆ ಆ ಹಳೆಯ ಸದ್ದನ್ನು ಇದ್ದಂತೆಯೇ ನಾದಿನಿಯ ಫೋನಿಗೆ ಹಾಕಿಕೊಟ್ಟಳು. ಸಂದರ್ಶನದ ಕೆಳಗಿನ ಹಾಸನ್ನು ತೆಗೆದು ಹಾಗೆಯೇ ಬಿಟ್ಟಳು. ಅದು ಪ್ರಸಾರವಾದಾಗ, 'ಅವರ ದನಿ ಮಾತ್ರ ಇಲ್ಲ' ಎಂಬ ಮಾತಿನ ನಂತರ ಪೇಟೆಯ ಸದ್ದು ಒಮ್ಮೆಲೇ ಕುಸಿದುಹೋಯಿತು. ತಾಂತ್ರಿಕ ದೋಷವಿರಬಹುದು ಎಂದು ಯಾರೋ ಕೇಳುಗರು ಫೋನ್ ಮಾಡಿ ತಿಳಿಸಿದರು. ಹೌದು, ನನ್ನದೇ ದೋಷ ಎಂದು ಆಕೆ ಒಪ್ಪಿಕೊಂಡಳು.

ಕೇಳಲು ಬಂದಿದ್ದ ಆವತ್ತು ಕಚೇರಿಯ ಮೆಟ್ಟಿಲಿಳಿಯುವಾಗ ನಾದಿನಿ ಫೋನನ್ನು ಅತ್ತಿಗೆಯ ಕಿವಿಗೆ ಹಿಡಿದಿದ್ದಳು. ಕೂಗು ಎಲ್ಲಿ ಬಂತೆಂದು ಮೇಲೆ ನಿಂತಿದ್ದ ಕಿವಿಯಮ್ಮನಿಗೆ ಕೇಳಲಿಲ್ಲ, ಆದರೆ ಕಂಡಿತು. ಆ ಹೆಂಗಸಿನ ಹೆಜ್ಜೆ ಒಂದು ಮೆಟ್ಟಿಲಿನ ಮೇಲೆ ನಿಂತಿತು. ಕೂಗಿನ ಬೆನ್ನಿಗೆ ಬರುವ ನಗುವಿಗೆ ಜಾಗ ಬಿಟ್ಟು ಕಾದಳು. ನಗು ಫೋನಿನಲ್ಲಿ ಬಂದು ಹೋಗಿರಬೇಕು. ಅವಳ ಮುಖದಲ್ಲಿ ಬರಲಿಲ್ಲ. ಆಮೇಲೆ ಕೆಳಗಿಳಿದಳು.