ತಲೆಗೊಂದು ಧರ್ಮ

ಬಿಳಿ ದೊರೆಗಳ ಸರ್ಕಾರದ ಜನಗಣತಿಯ ಲೆಕ್ಕ ಬರುವವರೆಗೆ ನಾನೂ ಅತ್ತೆಯೂ ಗುಡಿಗೂ ಹೋಗುತ್ತಿದ್ದೆವು, ಸಂತರ ಗೋರಿಗೂ ಹೋಗುತ್ತಿದ್ದೆವು. ಗೋರಿಯ ಅಂಗಳದ ಮರದಡಿ ಕೂತರೆ ನನಗೆ ತವರಿಗೆ ಹೋದಷ್ಟು ಹಿತ. ಆದರೆ ಅಲ್ಲೂ ಅತ್ತೆ ಪಕ್ಕದಲ್ಲೇ ಕೂತು ಕೆಲಸ ಹೇಳುತ್ತಿದ್ದರು.

"ಧರ್ಮ ಯಾವುದು?" ಎಂದು ಗಣತಿಯವನು ಕೇಳಿದ.

"ಎರಡೂ," ಎಂದರು ಅತ್ತೆ.

"ಹಾಗೆ ಬರೆದರೆ ಸಾಹೇಬರು ಹೊಡೆದುಹಾಕ್ತಾರೆ ಅಜ್ಜಿ. ತಲೆಗೆ ಒಂದೇ. ಸತ್ತವರನ್ನ ಸುಡ್ತೀರೋ, ಹೂಳ್ತೀರೋ?"

"ನಾನಿನ್ನೂ ಸತ್ತು ನೋಡಿಲ್ಲಪ್ಪ. ತಲೆಗೊಂದಾದ್ರೆ ನನಗೆ ಗುಡೀದು ಬರಿ, ಇವಳಿಗೆ ಗೋರೀದು."

ಪಾತ್ರೆ ಹಂಚಿದಷ್ಟೇ ಸಲೀಸಾಗಿ ಹಂಚಿಬಿಟ್ಟರು.

ಲೆಕ್ಕ ಅಚ್ಚಾಗಿ ಬಂತು. ತಮ್ಮವರೇ ಕಡಿಮೆ ಎಂದು ಎರಡೂ ಕಡೆಯ ಹಿರಿಯರಿಗೆ ದಿಗಿಲು ಹತ್ತಿತು. ತಮ್ಮವರು ಆಚೆ ಹೋಗದಂತೆ, ಆಚೆಯವರು ಒಳಗೆ ಬರದಂತೆ ಬಾಗಿಲಿಗೆ ಕಾವಲು ಹಾಕಿದರು. ಗೋರಿಯ ಬಾಗಿಲಲ್ಲಿ ಅತ್ತೆಯನ್ನು ತಡೆದರು.

"ನೀವು ಗುಡಿಯವರು ಅಜ್ಜಿ."

"ಹೋದ ವಾರ ಇಲ್ಲೇ ಕೂತಿದ್ದೆನಲ್ಲೋ?"

"ಆಗ ಲೆಕ್ಕ ಬಂದಿರಲಿಲ್ಲ."

ನಾನು ಮರದಡಿ ಒಬ್ಬಳೇ ಕಾಲು ಚಾಚಿ ಕೂತೆ. ಗೋಡೆಯಾಚೆಯಿಂದ ಅತ್ತೆ ಕೂಗಿದರು: "ಒಲೆ ಆರಿಸಿದ್ಯೇನೇ? ಮುಂದಿನ ಗಣತೀಲಿ ನಾನೂ ಗೋರಿಯವಳು ಅಂತ ಬರೆಸ್ತೀನಿ, ನೋಡ್ತಿರು."

ಅದಕ್ಕಿನ್ನೂ ಹತ್ತು ವರ್ಷವಿತ್ತು. ನಾನು ಸೆರಗನ್ನು ತಲೆದಿಂಬು ಮಾಡಿಕೊಂಡು ಮಲಗಿದೆ.