ಸಲೋನಿನ ಬಾಗಿಲು

ಸ್ಫಾಕ್ಸ್ ಊರಿನ ಆ ಎರಡಂತಸ್ತಿನ ಮನೆಯಲ್ಲಿ ಎಲ್ಲರಿಗಿಂತ ಮರ್ಯಾದೆಯಿಂದ ಬಾಳುತ್ತಿದ್ದುದು ಇಂಟರ್ನೆಟ್ಟಿನ ರೌಟರು. ಫೋನಿನ ತಂತಿ ಬಂದಿದ್ದು ಕೆಳಗಿನ ಸಲೋನಿಗೆ, ಅಂದರೆ ಬೈಠಕ್‌ಖಾನೆಗೆ. ಸಲೋನು ಅತಿಥಿಗಳಿಗೆ ಮೀಸಲು, ಉಳಿದ ದಿನ ಬೀಗ. ಮನೆಯೊಡತಿ ದಲೆಂದಾ ರೌಟರನ್ನೂ ಅತಿಥಿಯೆಂದೇ ಭಾವಿಸಿ, ಬೆನ್ನಿಗೆ ಕನ್ನಡಿಯಿದ್ದ ಬೀರುವಿನಲ್ಲಿ ಹಿತ್ತಾಳೆ ತಟ್ಟೆಗಳ ನಡುವೆ ಕೂರಿಸಿ, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದಳು.

ಮಹಡಿಯಲ್ಲಿ ಅವಳ ಗಂಡ ಖಮೀಸ್ ಲಕ್ವ ಹೊಡೆದು ಮಲಗಿದ್ದ. ಇಕ್ಕಟ್ಟಿನ ಮೆಟ್ಟಿಲಲ್ಲಿ ಅವನನ್ನು ಇಳಿಸುವಂತಿರಲಿಲ್ಲ. ಅವನ ಅಣ್ಣ ಮುಖ್ತಾರನಿಗೆ ಕಡಲಾಚೆಯ ಲಿಯೋನ್ ಪಟ್ಟಣದ ಆಸ್ಪತ್ರೆಯಲ್ಲಿ ಅಂದು ಸಂಜೆ ಐದಕ್ಕೆ ಹೃದಯದ ಶಸ್ತ್ರಚಿಕಿತ್ಸೆ. ನಾಲ್ಕಕ್ಕೆ ಕರೆ ಮಾಡುತ್ತೇನೆಂದಿದ್ದ. ಬೆಳಿಗ್ಗೆಯ ವೀಡಿಯೊ ಕರೆಯಲ್ಲಿ ಅವನ ಮುಖ ಚೂರುಚೂರಾಗಿ, ಬಾಯಿ ತೆರೆದಲ್ಲೇ ನಿಂತುಹೋಗಿತ್ತು. ಮೊಬೈಲ್ ಸಿಗ್ನಲ್ಲಂತೂ ಆ ಬೀದಿಗೆ ಕಾಲಿಟ್ಟದ್ದೇ ಇಲ್ಲ.

"ಹೊಸ ರೌಟರು ಕೊಂಡುಕೊಂಡು ಬಾ" ಎಂದಳು ದಲೆಂದಾ.

"ಹೊಸದನ್ನೂ ನೀನು ಅಲ್ಲೇ ಕೂಡಿಹಾಕ್ತೀಯ" ಎಂದಳು ಮಗಳು ನೈಲಾ. "ಕನ್ನಡಿ, ಹಿತ್ತಾಳೆ ಎಲ್ಲಾ ಅದರ ಅಲೆನ ಅಡ್ಡಗಟ್ತವೆ. ಬೀಗದ ಕೈ ಕೊಡಮ್ಮ."

ನೈಲಾ ಮೊದಲು ರೌಟರನ್ನು ಬೀರುವಿನಿಂದ ತೆಗೆದು ಕುರ್ಚಿಯ ಮೇಲಿಟ್ಟಳು. ಮಹಡಿಗೆ ಹೋಗಿ ಫೋನು ನೋಡಿದಳು: ವೈಫೈಯ ಒಂದು ಗೆರೆ ಇದ್ದಲ್ಲಿ ಎರಡು. ಸಾಲದು, ನಡುವೆ ಕಾಂಕ್ರೀಟಿನ ದಪ್ಪ ಚಾವಣಿ. ಮೆಟ್ಟಿಲು ಮಾತ್ರ ಎರಡೂ ಅಂತಸ್ತಿಗೆ ತೆರೆದುಕೊಂಡಿತ್ತು. ಬೀರುವಿನ ಹಿಂದೆ ತಂತಿ ಹಾಕಿದವನು ಬಿಟ್ಟುಹೋಗಿದ್ದ ಉದ್ದನೆಯ ಸುರುಳಿ ಬಿಚ್ಚಿದಳು. ಮೆಟ್ಟಿಲು ತಿರುಗುವಲ್ಲಿದ್ದ ಎತ್ತರದ ಗೂಡಿಗೆ ಅದು ಮುಟ್ಟಿತು. ಪಕ್ಕದಲ್ಲೇ ಕರೆಂಟಿನ ಪ್ಲಗ್ಗೂ ಇತ್ತು. ಆದರೆ ಸಲೋನಿನ ಅಮೃತಶಿಲೆಯ ಹೊಸಿಲಿಗೂ ಬಾಗಿಲಿಗೂ ನಡುವೆ ಕೂದಲು ತೂರುವಷ್ಟೂ ಸಂದಿಲ್ಲ.

"ಬಾಗಿಲು ಹಾಕೋಕಾಗಲ್ಲಮ್ಮ."

"ಸಲೋನು ಬಾಯಿ ಬಿಟ್ಕೊಂಡಿರ್ಬೇಕಾ? ಬಂದೋರು ಏನಂದ್ಕೊಳ್ಳಲ್ಲ?"

"ಯಾರು ಬರ್ತಾರೆ ಅಮ್ಮ?"

ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ದಲೆಂದಾ ತಾನೇ ಬಾಗಿಲನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಅದಕ್ಕೆ ಹೂಜಿ ಆನಿಸಿದಳು.

ನೈಲಾ ರೌಟರನ್ನು ಗೂಡಿನಲ್ಲಿ ನಿಲ್ಲಿಸಿದಳು. ಅದರ ಆಂಟೆನಾ ಕೊಂಬುಗಳಲ್ಲಿ ಒಂದನ್ನು ನೆಟ್ಟಗಿಟ್ಟು, ಅಲೆ ಮೇಲಕ್ಕೂ ಹೋಗಲೆಂದು ಇನ್ನೊಂದನ್ನು ಅಡ್ಡ ಮಲಗಿಸಿದಳು. ಅಪ್ಪನ ಮಂಚದ ಬಳಿ ಗೆರೆಗಳೆಲ್ಲ ತುಂಬಿಕೊಂಡವು.

ನಾಲ್ಕಕ್ಕೆ ಮುಖ್ತಾರ್ ಪರದೆಯ ಮೇಲೆ ಇಡಿಯಾಗಿ ಬಂದ, ಮೂಗಿನ ಕೊಳವೆಯ ಸಮೇತ.

"ಏನೋ ಖಮೀಸ್, ಗಡ್ಡ ಯಾರೋ ಬೋಳಿಸಿದ್ದು? ಕುರಿ ಮೇಯ್ದಂಗಿದೆ."

ಖಮೀಸನ ಬಾಯಿ ಒಂದೇ ಕಡೆಯಿಂದ ನಕ್ಕಿತು. ಮಾತು ಹೊರಡಲಿಲ್ಲ. ಸರಿಯಿದ್ದ ಕೈಯನ್ನು ಎತ್ತಿ ಪರದೆಯ ಮೇಲೆ, ಅಣ್ಣನ ಕೆನ್ನೆಗೆ ಇಟ್ಟ. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ; ಆದ್ದರಿಂದ ಮುಖ್ತಾರ್ ಅಳುವುದನ್ನು ಎಲ್ಲರೂ ಪೂರ್ತಿ ನೋಡಬೇಕಾಯಿತು.

ಕೊನೆಗೆ ಅವನು ಕಣ್ಣೊರೆಸಿಕೊಂಡು, "ದಲೆಂದಾ, ನಿನ್ನ ಸಲೋನಿನೊಳಗೆ ಈ ಸಲವಾದರೂ ಶೂ ಹಾಕ್ಕೊಂಡು ಬರಬಹುದೇನಮ್ಮ?" ಎಂದ.

"ಬಾಗಿಲು ತೆಗ್ದೇ ಇದೆ, ಭಾವ. ಬನ್ನಿ."

ಕರೆ ಮುಗಿದಾಗ ನಾಲ್ಕೂ ಮುಕ್ಕಾಲು. ನೈಲಾ ಕೆಳಗಿಳಿದು ಬಂದಾಗ ಅಮ್ಮ ಸೋಫಾಗಳಿಗೆ ದೂಳು ಬೀಳದಂತೆ ಹೊದಿಸಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸುತ್ತಿದ್ದಳು. ಭಾವ ಬರುತ್ತಾನೆಂದೋ, ಬಾರದಿದ್ದರೆ ಸಾಂತ್ವನ ಹೇಳಲು ಜನ ಬರುತ್ತಾರೆಂದೋ, ನೈಲಾ ಕೇಳಲಿಲ್ಲ. ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.