ಫೋನಿಗಿಂತ ಮೊದಲು ಹೋದ ಸೂಚನೆ

ಆತುರ ನನ್ನ ಹುಟ್ಟುಗುಣ. ಇಲ್ಲದಿದ್ದರೆ ಮೊದಲು ಫೋನ್ ಮಾಡಿ, ಆಮೇಲೆ ಕ್ಯಾಲೆಂಡರಿಗೆ ಕೈ ಹಾಕುತ್ತಿದ್ದೆ.

ಮಾತ್ರೆ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗಕ್ಕೆ ನಾನು ಮುಖ್ಯಸ್ಥೆ. ಮರುದಿನ ಹತ್ತಕ್ಕೆ ಜನರಲ್ ಮ್ಯಾನೇಜರ್ ಜೊತೆ ಮೀಟಿಂಗ್. ನನ್ನ ಸಹಾಯಕನ ಆರು ತಿಂಗಳ ವರದಿ ನೋಡಿ, ಅವನ ಕೆಲಸ ಕಾಯಂ ಮಾಡುವುದೋ ಬೇಡವೋ ಎಂದು ಅವರು ಅಲ್ಲೇ ತೀರ್ಮಾನಿಸಬೇಕು. ಅವನನ್ನು ನಾವೆಲ್ಲ ಮೂಗಬಸವ ಎನ್ನುತ್ತೇವೆ. ಕೇಳಿದರಷ್ಟೇ ಬಾಯಿ ಬಿಡುವವನು. ಸಂಜೆ ನಾಲ್ಕಕ್ಕೆ ವರದಿ ತಿರುವಿದರೆ, ಮಾತ್ರೆ ಕರಗಿಸುವ ಪರೀಕ್ಷೆಯಲ್ಲಿ ನೀರಿನ ಬಿಸಿ ಎಷ್ಟಿತ್ತೆಂದು ಪುಣ್ಯಾತ್ಮ ಬರೆದೇ ಇಲ್ಲ! ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಅವನನ್ನು ಕರೆದು ಮತ್ತೆ ಮಾಡಲು ಹೇಳಿದೆ; ಫಲಿತಾಂಶ ಬರುವುದು ನಾಳೆ ಮಧ್ಯಾಹ್ನ ಹನ್ನೆರಡಕ್ಕೆ.

ಕಂಪ್ಯೂಟರಿನಲ್ಲಿ ನಾಡಿದ್ದು ಮೂರಕ್ಕೆ ಸಾಹೇಬರ ಕ್ಯಾಲೆಂಡರ್ ಖಾಲಿ ಕಂಡಿತು. ಮೀಟಿಂಗನ್ನು ಅಲ್ಲಿಗೆ ಸರಿಸಿದೆ; ಸೂಚನೆ ತಾನಾಗಿಯೇ ಅವರ ಕಚೇರಿಗೆ ಹೋಯಿತು. ನಾನು ಕಾರಣ ಬರೆಯಲು ಕುಳಿತೆ. ಮೂರು ಸಾಲು ಬರೆಯುವುದರೊಳಗೆ ಅವರ ಸೆಕ್ರೆಟರಿಯ ಫೋನು.

"ಏನ್ ಮೇಡಂ ಇದು? ಈ ಮೀಟಿಂಗಿಗೆ ಅಂತಾನೇ ಸಾಹೇಬ್ರು ನಾಳಿನ ಪ್ರಯಾಣ ಬಿಟ್ರು. ನೀವು ಒಂದ್ ಮಾತೂ ಹೇಳ್ದೆ ಟೈಮ್ ಬದಲಾಯಿಸಿದೀರಿ!"

ಫೋನಿಟ್ಟು ಸಾಹೇಬರ ಕೋಣೆಗೆ ಮೆಟ್ಟಿಲು ಹತ್ತಿ ಓಡಿದೆ.

"ಸರ್, ನಿಮ್ಮನ್ನ ಕೇಳದೆ ಸಮಯ ಬದಲಾಯಿಸಿದ್ದು ನನ್ನ ತಪ್ಪು," ಎಂದೆ. "ಒಂದು ಪರೀಕ್ಷೆ ಮತ್ತೆ ಆಗ್ಬೇಕು. ಅರ್ಧಂಬರ್ಧ ವರದಿ ತಂದು ನಿಮ್ಮ ಸಹಿ ಕೇಳೋಕೆ ಮನಸ್ಸಾಗ್ಲಿಲ್ಲ. ಈ ಮೀಟಿಂಗಿಗೆ ಅಂತ ನೀವು ಪ್ರಯಾಣನೇ ಬಿಟ್ಟಿದೀರಿ. ನಾಳೆ ಎರಡಕ್ಕಾಗ್ಲಿ, ನಾಡಿದ್ದು ಒಂಬತ್ತಕ್ಕಾಗ್ಲಿ, ನಿಮಗೆ ಅನುಕೂಲ ಆದಾಗ ಬರ್ತೀನಿ. ವರದಿ ಒಂದು ಗಂಟೆ ಮೊದಲೇ ನಿಮ್ಮ ಮೇಜಿನ ಮೇಲಿರುತ್ತೆ."

ಅವರ ಹುಬ್ಬಿನ ಗಂಟು ಸಡಿಲವಾಯಿತು. "ನಾಳೆ ಎರಡು," ಎಂದರು. "ಅಂದಹಾಗೆ, ಆ ಪರೀಕ್ಷೆ ಮಾಡಿದ್ದು ಯಾರು?"

ಮೂಗಬಸವನ ಹೆಸರು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನ ಅನ್ನಕ್ಕೆ ಕಲ್ಲು.

"ನಾನೇ ಸರ್."

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಸರಿ, ಹೋಗಿ," ಎಂದರು.

ಬಚಾವಾದೆವು ಎಂದುಕೊಂಡು ಇಳಿದೆ. ಮೂಗಬಸವ ಬಾಗಿಲಲ್ಲೇ ನಿಂತಿದ್ದ, ಮುಖ ಬಿಳಿಚಿತ್ತು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನೀವು ಮೇಲಕ್ಕೆ ಓಡಿದ್ದು ನೋಡಿ, ನಿಮ್ಮನ್ನ ಬೇಜವಾಬ್ದಾರಿ ಅಂದ್ಕೊಂಡ್ಬಿಡ್ತಾರೆ ಅಂತ ಭಯ ಆಯ್ತು. ನೀವು ಮೇಲೆ ಹೋಗೋದ್ರೊಳಗೆ ಸಾಹೇಬ್ರಿಗೇ ಫೋನ್ ಮಾಡಿ, ಬಿಸಿ ಬರೆಯೋಕೆ ಮರೆತಿದ್ದು ನಾನು ಅಂತ ಹೇಳ್ಬಿಟ್ಟೆ."

ಅಂದರೆ ಸಾಹೇಬರು ಗೊತ್ತಿದ್ದೂ ಕೇಳಿದ್ದರು. ಹುಡುಗ ನಿಜ ಹೇಳಿದ್ದ. ಅವನ ವರದಿಗೆ ಸಹಿ ಹಾಕುವ ನಾನು ಸುಳ್ಳು ಹೇಳಿ ಬಂದಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ. ಇನ್ನು ನನ್ನ ಸಹಿ ನಂಬಿ ಅವನನ್ನು ಕಾಯಂ ಮಾಡುವವರು ಯಾರು?

ನಾಳೆ ಎರಡರವರೆಗೆ ಕಾಯುವ ಹಾಗಿರಲಿಲ್ಲ. ಮತ್ತೆ ಮೆಟ್ಟಿಲು ಹತ್ತಿದೆ.